ಸಾರ್ವೆಯಿಂದ ಬಿದ್ದ ಕೆಲಸಗಾರ: ಮೇಸ್ತ್ರಿ ಕೈ ಎತ್ತಿದ್ದಾನೆ, ನೋಟಿಸ್ ನಮ್ಮ ಮನೆಗೆ ಬಂದಿದೆ

ಗೃಹಪ್ರವೇಶ_ಬಾಕಿ (ತುಮಕೂರು), ಜನವರಿ 2026

ಎಲ್ಲರಿಗೂ ನಮಸ್ಕಾರ. ನಾನು ಶಾಲೆ ಟೀಚರ್. 30×40 ಸೈಟಿನಲ್ಲಿ ಕೆಳಗೊಂದು ಮನೆ, ಮೇಲೊಂದು ಮನೆ ಕಟ್ಟಿಸುತ್ತಿದ್ದೇವೆ. ಲೇಬರ್ ಕಾಂಟ್ರ್ಯಾಕ್ಟ್. ಸಿಮೆಂಟು, ಕಬ್ಬಿಣ, ಮರಳು ನಮ್ಮದು, ಆಳುಗಳು ಮೇಸ್ತ್ರಿಯವರು. ಚದರಡಿಗೆ 380 ರೂಪಾಯಿ ಅಂತ ಒಂದು ನೋಟ್‌ಬುಕ್ಕಿನಲ್ಲಿ ಬರೆದು ಇಬ್ಬರೂ ಸಹಿ ಹಾಕಿದ್ದೇವೆ, ಅಷ್ಟೇ.

ಕಳೆದ ಸೆಪ್ಟೆಂಬರ್‌ನಲ್ಲಿ ಬಾಲ್ಕನಿಯ ಸೆಂಟ್ರಿಂಗ್ ಬಿಚ್ಚುವಾಗ ಸಾರ್ವೆಯ ಹಲಗೆ ಮುರಿದು ಒಬ್ಬ ಹುಡುಗ ಸುಮಾರು ಹನ್ನೊಂದು ಅಡಿ ಕೆಳಗೆ ಬಿದ್ದ. ರಾಯಚೂರು ಕಡೆಯವನು, 28 ವರ್ಷ. ಬಲಗಾಲಿನ ಹಿಮ್ಮಡಿ ಮೂಳೆ ಪುಡಿಯಾಯಿತು. ಅಪ್ಪನೇ ಆಟೋದಲ್ಲಿ ಕರೆದುಕೊಂಡು ಹೋಗಿ ಸೇರಿಸಿದರು. ಆಪರೇಷನ್, ಪ್ಲೇಟು, ಔಷಧಿ ಎಲ್ಲ ಸೇರಿ 1,86,000 ರೂಪಾಯಿ ನಾವೇ ಕಟ್ಟಿದ್ದೇವೆ. ಕಟ್ಟಿದ್ದಕ್ಕೆ ನನಗೆ ಬೇಸರವಿಲ್ಲ.

ಈಗ ಅವನ ವಕೀಲರಿಂದ ನನಗೂ ಮೇಸ್ತ್ರಿಗೂ ನೋಟಿಸ್ ಬಂದಿದೆ, 12 ಲಕ್ಷ ಕೊಡಬೇಕಂತೆ. ಮೇಸ್ತ್ರಿ ಫೋನೇ ಎತ್ತುತ್ತಿಲ್ಲ. ಊರಿನ ಒಬ್ಬರು ಹಿರಿಯರು "ಒಂದು ಲಕ್ಷ ಕೊಟ್ಟು ಛಾಪಾ ಕಾಗದದ ಮೇಲೆ ಬರೆಸಿಕೊಂಡುಬಿಡಮ್ಮ" ಅನ್ನುತ್ತಿದ್ದಾರೆ. ಕಾನೂನಿನ ಪ್ರಕಾರ ನಾನು ಹೊಣೆಯೇ? ಆ ಹುಡುಗನಿಗೆ ಅನ್ಯಾಯ ಆಗಬಾರದು, ನನಗೂ ಮನೆ ಸಾಲದ ಮೇಲೆ ಇನ್ನೊಂದು ಹೊರೆ ಹೊರುವ ಶಕ್ತಿ ಇಲ್ಲ.

ಸಿವಿಲ್_ಡಿಪ್ಲೊಮಾ

ಮೇಡಂ, ಹೆದರಬೇಡಿ. ಕೆಲಸವನ್ನು ಕಾಂಟ್ರ್ಯಾಕ್ಟ್ ಕೊಟ್ಟ ಮೇಲೆ ಆಳುಗಳ ಜವಾಬ್ದಾರಿ ಪೂರ್ತಿ ಕಾಂಟ್ರ್ಯಾಕ್ಟರದ್ದು. ಹದಿನೈದು ವರ್ಷದಿಂದ ಸೈಟುಗಳಲ್ಲಿ ಇದ್ದೇನೆ. ಮನೆ ಮಾಲೀಕರಿಗೆ ಏನೂ ಬರುವುದಿಲ್ಲ. ಆ ನೋಟ್‌ಬುಕ್ ಜೋಪಾನವಾಗಿಡಿ ಸಾಕು.

ಗದಗ_ಹುಡುಗ

ಅಣ್ಣಾರ, ಹಂಗ ಹೇಳಬ್ಯಾಡ್ರಿ. ನಮ್ಮ ಅಣ್ಣ ಒಂದು ಅಪಾರ್ಟ್‌ಮೆಂಟಿನಾಗ ಗೌಂಡಿ ಕೆಲಸ ಮಾಡೂಮುಂದ ಬಿದ್ದು ಸೊಂಟ ಮುರಕೊಂಡ. ಗುತ್ತಿಗೆದಾರ ಓಡಿ ಹೋದ. ಕೋರ್ಟಿನಾಗ ಬಿಲ್ಡರೇ ಕೊಡಬೇಕಂತ ಆತು, ಕೊಟ್ಟಾರ. ಅಕ್ಕಾರ, ನೀವು ಮಾಲಕರಿದ್ದೀರಿ ಅಂದ್ರ ಕೊಡಾಕಬೇಕು. ಬಡವ ಯಾರ ಹತ್ರ ಹೋಗಬೇಕ್ರಿ?

ವಕೀಲೆ_ದಾವಣಗೆರೆ

ಇಬ್ಬರು ಹೇಳಿದ್ದರಲ್ಲೂ ಅರ್ಧರ್ಧ ಸತ್ಯ ಇದೆ. ಹದಿನೆಂಟು ವರ್ಷದಿಂದ ಇಂಥ ಕೇಸುಗಳನ್ನು ಎರಡೂ ಕಡೆಯಿಂದ ನಡೆಸಿದ್ದೇನೆ, ಸ್ವಲ್ಪ ಬಿಡಿಸಿ ಹೇಳುತ್ತೇನೆ.

ನಿಮ್ಮ ಅಪಘಾತ ಸೆಪ್ಟೆಂಬರ್ 2025ರದ್ದು. ಹೊಸ ಸಾಮಾಜಿಕ ಭದ್ರತಾ ಸಂಹಿತೆ ಜಾರಿಗೆ ಬಂದದ್ದು 2025ರ ನವೆಂಬರ್ 21ರಂದು. ಹಾಗಾಗಿ ನಿಮ್ಮದನ್ನು 1923ರ ನೌಕರರ ಪರಿಹಾರ ಕಾಯ್ದೆಯ ಪ್ರಕಾರವೇ ನೋಡಬೇಕು ಅನ್ನುವುದು ನನ್ನ ಅಭಿಪ್ರಾಯ. ಅದರಲ್ಲಿ ಪರಿಹಾರ ಕೊಡಬೇಕಾದವನು "ಉದ್ಯೋಗದಾತ". ಜಾಗ ಯಾರ ಹೆಸರಿನಲ್ಲಿದೆ ಅನ್ನುವುದಲ್ಲ, ಆಳು ಯಾರ ಕೆಳಗೆ ಕೆಲಸ ಮಾಡುತ್ತಿದ್ದ ಅನ್ನುವುದು ಮುಖ್ಯ.

ಗದಗದ ತಮ್ಮಾ, ನಿಮ್ಮ ಅಣ್ಣನ ಕೇಸಿನಲ್ಲಿ ಬಿಲ್ಡರ್ ಕೊಡಬೇಕಾಗಿ ಬಂದದ್ದು 12ನೇ ಕಲಮಿನಿಂದ ಇರಬೇಕು. ಒಬ್ಬ ತನ್ನ ವ್ಯಾಪಾರ ಅಥವಾ ವೃತ್ತಿಯ ಭಾಗವಾದ ಕೆಲಸವನ್ನೇ ಇನ್ನೊಬ್ಬರಿಗೆ ಗುತ್ತಿಗೆ ಕೊಟ್ಟರೆ, ಗುತ್ತಿಗೆದಾರನ ಆಳಿಗೂ ಅವನೇ ಪರಿಹಾರ ಕೊಡಬೇಕು, ಆಮೇಲೆ ಗುತ್ತಿಗೆದಾರನಿಂದ ವಸೂಲಿ ಮಾಡಿಕೊಳ್ಳಬೇಕು. ಕಟ್ಟಡ ಕಟ್ಟಿ ಮಾರುವುದೇ ಬಿಲ್ಡರ್ ಕಸುಬು, ಅವನು ಸಿಕ್ಕಿಬೀಳುತ್ತಾನೆ. ಟೀಚರೊಬ್ಬರು ತಾವು ವಾಸ ಮಾಡಲು ಮನೆ ಕಟ್ಟಿಸಿದರೆ ಅದು ಅವರ ಕಸುಬಲ್ಲ. ಆ ಕಲಮಿನಿಂದ ಅವರನ್ನು ಹಿಡಿಯುವುದು ಕಷ್ಟ.

ಹಾಗಂತ ನೋಟ್‌ಬುಕ್ ಇದ್ದರೆ ಸಾಕು ಅನ್ನುವುದೂ ತಪ್ಪು. ನಮ್ಮ ಕಡೆ ಲೇಬರ್ ಕಾಂಟ್ರ್ಯಾಕ್ಟ್ ಅನ್ನುವುದು ಹೆಸರಿಗೆ ಮಾತ್ರ ಗುತ್ತಿಗೆ ಆಗಿರುವುದು ಬಹಳ. ಮೇಸ್ತ್ರಿಗೆ ಸ್ವಂತ ಬಂಡವಾಳ ಇರುವುದಿಲ್ಲ, ಶನಿವಾರದ ಬಟವಾಡೆಗೆ ಮಾಲೀಕರೇ ಹಣ ಕೊಡುತ್ತಾರೆ, ಇವತ್ತು ಯಾವ ಗೋಡೆ ಎಬ್ಬಿಸಬೇಕು ಅಂತ ಮಾಲೀಕರೇ ಹೇಳುತ್ತಾರೆ. ಇದೆಲ್ಲ ಸಾಕ್ಷ್ಯದಲ್ಲಿ ಹೊರಗೆ ಬಂದರೆ, ಮೇಸ್ತ್ರಿ ಬರೀ ಮುಖ್ಯ ಆಳು, ನಿಜವಾದ ಉದ್ಯೋಗದಾತ ಮಾಲೀಕರೇ ಅಂತ ಕೋರ್ಟು ಹೇಳಬಹುದು. ಮೊದಲಾದರೆ ಕ್ಯಾಶುಯಲ್ ಆಳು, ತನ್ನ ವ್ಯಾಪಾರಕ್ಕಲ್ಲದ ಕೆಲಸ ಎಂಬ ವಿನಾಯಿತಿಯಾದರೂ ಇತ್ತು. 2000ದ ತಿದ್ದುಪಡಿಯಲ್ಲಿ ಅದನ್ನು ತೆಗೆದುಹಾಕಿದರು. ಈಗ ಮನೆಯವರು ನೇರವಾಗಿ ಇಟ್ಟುಕೊಂಡ ದಿನಗೂಲಿಯವನೂ ಕೇಳಬಹುದು.

ಆದ್ದರಿಂದ ಮೇಡಂ, ಬಟವಾಡೆ ಯಾರು ಮಾಡುತ್ತಿದ್ದರು? ಆ ಹಲಗೆ ಯಾರದ್ದು? ಇವೆರಡಕ್ಕೆ ಇದ್ದದ್ದು ಇದ್ದ ಹಾಗೆ ಉತ್ತರ ಹೇಳಿ.

ಕಾರ್ಕಳದ_ಮಾವ

ನೀವು ಪ್ಲಾನ್ ಪಾಸ್ ಮಾಡಿಸುವಾಗ ಶೇಕಡಾ ಒಂದು ಲೇಬರ್ ಸೆಸ್ ಕಟ್ಟಿರಬೇಕಲ್ಲ? ಅದು ಇದಕ್ಕೇ ಇರುವುದು ಮಾರಾಯ್ರೆ. ಕಾರ್ಮಿಕ ಕಲ್ಯಾಣ ಮಂಡಳಿಯವರು ಕೊಡ್ತಾರೆ, ರಶೀದಿ ತಗೊಂಡು ಹೋಗಿ ಕೇಳಿ.

ಮೇಸ್ತ್ರಿ_ರಾಮನಗರ

ಮಾವ, ಅದು ಹಂಗಲ್ಲ. ಸೆಸ್ ಕಟ್ಟಿದ ಓನರ್‌ಗೆ ಮಂಡಳಿ ಏನೂ ಕೊಡಲ್ಲ. ಆಳು ತಾನೇ ಹೆಸರು ನೋಂದಾಯಿಸಿ ಕಾರ್ಡ್ ಮಾಡಿಸಿರಬೇಕು, ವರ್ಷದಲ್ಲಿ 90 ದಿನ ಕಟ್ಟಡ ಕೆಲಸ ಮಾಡಿರಬೇಕು. ಆಗ ಅವನಿಗೆ ಮಂಡಳಿಯಿಂದ ಸಹಾಯಧನ ಬರುತ್ತೆ. ಕೋರ್ಟ್ ಪರಿಹಾರವೇ ಬೇರೆ, ಇದೇ ಬೇರೆ. ರಾಯಚೂರು, ಯಾದಗಿರಿಯಿಂದ ಬರೋ ಹುಡುಗರಲ್ಲಿ ಎಷ್ಟೋ ಜನರ ಕಾರ್ಡ್ ನವೀಕರಣ ಆಗಿರಲ್ಲ. ಮೇಡಂ, ಆ ಹುಡುಗನ ಹತ್ರ ಕಾರ್ಡ್ ಇದೆಯಾ ಅಂತ ಇವತ್ತೇ ಕೇಳಿ. ಇದ್ರೆ ಅರ್ಜಿ ಹಾಕಿಸಿ, ಅವನಿಗೊಂದು ಆಸರೆ ಆಗುತ್ತೆ.

ಗೃಹಪ್ರವೇಶ_ಬಾಕಿ

ವಕೀಲರೇ, ಮುಚ್ಚಿಡುವುದಿಲ್ಲ. ಬಟವಾಡೆಗೆ ಪ್ರತಿ ಶನಿವಾರ ಮೇಸ್ತ್ರಿಗೇ ಫೋನ್‌ಪೇ ಮಾಡುತ್ತಿದ್ದೆ. ಆಗಸ್ಟ್‌ನಲ್ಲಿ ಅವರ ತಾಯಿ ತೀರಿಕೊಂಡು ಎರಡು ವಾರ ಊರಿಗೆ ಹೋಗಿದ್ದರು. ಕೆಲಸ ನಿಲ್ಲಬಾರದು ಅಂತ ಆ ಎರಡು ಶನಿವಾರ ಅಪ್ಪನೇ ನಾಲ್ಕು ಜನ ಆಳುಗಳಿಗೆ ನೇರವಾಗಿ ಹಾಕಿದ್ದರು. ಬಿದ್ದ ಹುಡುಗನೂ ಅದರಲ್ಲಿ ಒಬ್ಬ, ದಿನಕ್ಕೆ 900 ರೂಪಾಯಿಯಂತೆ.

ಹಲಗೆ... ಇದನ್ನು ಬರೆಯುವಾಗ ಕೈ ನಡುಗುತ್ತದೆ. ಹಳೇ ಮನೆ ಕೆಡವಿದಾಗ ಅಟ್ಟದ ಹಲಗೆಗಳನ್ನು ಅಪ್ಪ ಎತ್ತಿಟ್ಟಿದ್ದರು. ಮೇಸ್ತ್ರಿ ಹಲಗೆ ಸಾಲುತ್ತಿಲ್ಲ ಅಂದಾಗ "ಇವು ಇದ್ದಾವಲ್ಲ, ತಗೊಳ್ಳಿ" ಅಂದಿದ್ದರು. ಮುರಿದದ್ದು ಅದರಲ್ಲೇ ಒಂದು. ಮೊಳೆ ಹೊಡೆದ ತೂತುಗಳ ಸಾಲಿನಲ್ಲೇ ಎರಡು ತುಂಡಾಗಿದೆ, ಒಳಗೆ ಗೆದ್ದಲು ತಿಂದು ಹಿಟ್ಟಿನ ಹಾಗೆ ಉದುರುತ್ತಿತ್ತು, ಮೇಲಿಂದ ನೋಡಿದರೆ ಗಟ್ಟಿಯಾಗೇ ಕಾಣುತ್ತಿತ್ತು. ಅಪ್ಪ ಅವತ್ತಿನಿಂದ ಸರಿಯಾಗಿ ಊಟ ಮಾಡುತ್ತಿಲ್ಲ. ಆ ತುಂಡುಗಳನ್ನು ಹಾಗೇ ಇಟ್ಟಿದ್ದೇವೆ.

ಮೇಸ್ತ್ರಿ_ರಾಮನಗರ

ಅಪ್ಪಾವ್ರಿಗೆ ಸಮಾಧಾನ ಹೇಳಿ ಮೇಡಂ. ಓನರ್ ಕೊಟ್ಟ ಅಂತ ಹಲಗೆನ ಸುಮ್ನೆ ಹಾಸೋದು ಮೇಸ್ತ್ರಿ ತಪ್ಪು. ಸಾರ್ವೆಗೆ ಹಾಕೋ ಮುಂಚೆ ಎರಡು ಕಡೆ ಇಟ್ಟಿಗೆ ಕೊಟ್ಟು ನೆಲದ ಹತ್ರನೇ ಹಲಗೆ ಇಟ್ಟು, ಇಬ್ಬರು ಮಧ್ಯೆ ನಿಂತು ಕುಣಿದು ನೋಡ್ತೀವಿ. ಚಿರ್ ಅಂದ್ರೆ ಪಕ್ಕಕ್ಕೆ. ನಮ್ಮ ಮಾವ ಕಲಿಸಿದ್ದು ಇದು. ಅಟ್ಟದ ಹಲಗೆ ಸಾಮಾನು ಹೊರುತ್ತೆ, ಮನುಷ್ಯ ನಿಂತು ಶೀಟ್ ಎಳೆಯೋವಾಗ ಬೀಳೋ ಜರ್ಕ್ ತಡೆಯಲ್ಲ.

ಆದ್ರೆ ನಮ್ಮ ಕಡೆ ಮಾತೂ ಕೇಳಿ. 380 ರೂಪಾಯಿ ರೇಟಲ್ಲಿ ಗಾರೆಯವರು, ಬಾರ್ ಬೆಂಡರು, ಸೆಂಟ್ರಿಂಗು, ಕೈಯಾಳು ಎಲ್ಲಾ ಹೋಗಿ ನಮಗೆ ಉಳಿಯೋದು ಸ್ವಲ್ಪ. ಬೆಲ್ಟು, ಬಲೆ, ಇನ್ಶೂರೆನ್ಸ್ ಅಂತ ಹತ್ತು ರೂಪಾಯಿ ಹೆಚ್ಚು ಕೇಳಿದ್ರೆ ಓನರ್ ಇನ್ನೊಬ್ಬ ಮೇಸ್ತ್ರಿ ಹತ್ರ ಹೋಗ್ತಾರೆ. ಆ ಮೇಸ್ತ್ರಿ ಫೋನ್ ಎತ್ತದೇ ಇರೋದು ತಪ್ಪೇ. ಅವನ ಹತ್ರ ಕೊಡೋಕೆ ಏನೂ ಇರಲ್ಲ ಅನ್ನೋದೂ ನಿಜ.

ವಕೀಲೆ_ದಾವಣಗೆರೆ

ನಿಜ ಹೇಳಿದ್ದು ಒಳ್ಳೆಯದಾಯಿತು. ನಿಮ್ಮ ವಕೀಲರಿಗೂ ಹೀಗೇ ಹೇಳಿ.

ಆ ಎರಡು ಶನಿವಾರದ ಫೋನ್‌ಪೇ ಇದೆಯಲ್ಲ, ಎದುರು ಕಡೆಯವರ ದೊಡ್ಡ ದಾಖಲೆ ಅದೇ ಆಗುತ್ತದೆ. "ಸಂಬಳ ಕೊಟ್ಟವರು ಇವರೇ" ಅಂತ ತೋರಿಸುತ್ತಾರೆ. ನಿಮ್ಮ ಉತ್ತರ: ಉಳಿದ ಎಲ್ಲ ವಾರಗಳಲ್ಲಿ ಮೇಸ್ತ್ರಿಗೆ ಹೋಗಿದೆ, ಆ ಎರಡು ವಾರದ್ದನ್ನೂ ಮೇಸ್ತ್ರಿಯ ಲೆಕ್ಕದಲ್ಲಿ ಕಳೆದುಕೊಂಡಿದ್ದೇವೆ ಅಂತ. ನೋಟ್‌ಬುಕ್ಕಿನಲ್ಲಿ ಹಾಗೆ ಕಳೆದು ಬರೆದಿದ್ದರೆ ಅದು ನಿಮ್ಮ ಪರ ಬಲವಾದ ಸಾಕ್ಷ್ಯ. ಬರೆದಿಲ್ಲದಿದ್ದರೆ ಈಗ ಬರೆಯಲು ಹೋಗಬೇಡಿ, ದಯವಿಟ್ಟು. ಪಾಟೀಸವಾಲಿನಲ್ಲಿ ಅದು ಬಯಲಾದರೆ ಇರುವ ನಂಬಿಕೆಯೂ ಹೋಗುತ್ತದೆ. ಬಿದ್ದ ದಿನ ಮೇಸ್ತ್ರಿ ಕೆಲಸಕ್ಕೆ ವಾಪಸ್ ಬಂದಿದ್ದರೇ, ಸೆಂಟ್ರಿಂಗ್ ಬಿಚ್ಚಲು ಹೇಳಿದ್ದು ಯಾರು, ಅದೂ ಮುಖ್ಯ.

ಹಲಗೆಯ ವಿಷಯ ಬೇರೆ ದಾರಿಯಲ್ಲಿ ಬರುತ್ತದೆ. ಪರಿಹಾರ ಕಾಯ್ದೆಯಲ್ಲಿ ಯಾರ ತಪ್ಪು ಅಂತ ಕೇಳುವುದೇ ಇಲ್ಲ, ಕೆಲಸದಲ್ಲಿದ್ದಾಗ ಕೆಲಸದಿಂದಾಗಿ ಪೆಟ್ಟಾದರೆ ಸಾಕು. ಆದರೆ ಆತ ಆ ಕಾಯ್ದೆ ಬಿಟ್ಟು ಸಿವಿಲ್ ದಾವೆ ಹಾಕಿದರೆ, ಗೆದ್ದಲು ಹಿಡಿದ ಹಲಗೆ ಕೊಟ್ಟದ್ದು ನಿಮ್ಮ ಸ್ವಂತ ನಿರ್ಲಕ್ಷ್ಯ ಅಂತ ಹೇಳಬಹುದು. ಆಗ ಉದ್ಯೋಗದಾತ ಯಾರು ಅನ್ನುವುದು ನಿಮ್ಮನ್ನು ಕಾಪಾಡುವುದಿಲ್ಲ. ಎರಡರಲ್ಲಿ ಒಂದು ದಾರಿ ಮಾತ್ರ ಹಿಡಿಯಬಹುದು. ಬಹುತೇಕರು ಪರಿಹಾರ ಕಾಯ್ದೆಯನ್ನೇ ಹಿಡಿಯುತ್ತಾರೆ, ತಪ್ಪು ಸಾಬೀತು ಮಾಡಬೇಕಾಗಿಲ್ಲ ಅಂತ. ಹಲಗೆ ತುಂಡು ಎಸೆಯಬೇಡಿ.

ಸಿವಿಲ್_ಡಿಪ್ಲೊಮಾ

ಒಪ್ಪಿದೆ, ನಾನು ಪೂರ್ತಿ ಯೋಚಿಸದೆ ಬರೆದೆ. ಒಂದು ಪ್ರಶ್ನೆ. ಮೇಲಿನ ಮನೆ ಬಾಡಿಗೆಗೆ ಕೊಡುವುದಾದರೆ? ಆಗ ಅದು ವ್ಯಾಪಾರ ಅಂತ ಆಗುವುದಿಲ್ಲವೇ?

ವಕೀಲೆ_ದಾವಣಗೆರೆ

ಒಳ್ಳೆಯ ಪ್ರಶ್ನೆ. ಎದುರು ವಕೀಲರು ಇದನ್ನು ಎತ್ತಿಯೇ ಎತ್ತುತ್ತಾರೆ. ಒಂದು ಮನೆ ಬಾಡಿಗೆಗೆ ಕೊಟ್ಟ ಮಾತ್ರಕ್ಕೆ ಕಟ್ಟಡ ಕಟ್ಟುವುದು ಟೀಚರ ಕಸುಬಾಗುವುದಿಲ್ಲ ಅಂತ ನಾನು ವಾದಿಸುತ್ತೇನೆ. ಹತ್ತು ಬಾಡಿಗೆ ಮನೆಗಳ ಕಟ್ಟಡ, ಪಿಜಿ, ಅಂಗಡಿ ಸಾಲು ಆದರೆ ಆ ವಾದ ತೆಳುವಾಗುತ್ತದೆ. ಗೆರೆ ಎಲ್ಲಿದೆ ಅಂತ ಖಚಿತವಾಗಿ ಹೇಳಲಾರೆ.

ಗೃಹಪ್ರವೇಶ_ಬಾಕಿ

ಮೇಲಿನದು ಬಾಡಿಗೆಗೇ, ಸಾಲದ ಕಂತಿಗೆ ಆಗಲಿ ಅಂತ. 12 ಲಕ್ಷ ಅನ್ನುವ ಲೆಕ್ಕ ಎಲ್ಲಿಂದ ಬಂತು ಮೇಡಂ? ಆಸ್ಪತ್ರೆಗೆ ಕಟ್ಟಿದ್ದನ್ನು ಅದರಲ್ಲಿ ಕಳೆಯುತ್ತಾರಾ?

ವಕೀಲೆ_ದಾವಣಗೆರೆ

ನೀವು ಉದ್ಯೋಗದಾತರು ಅಂತ ತೀರ್ಮಾನವಾದರೆ ಎಷ್ಟಾಗಬಹುದು ಅಂತ ನೋಡೋಣ. ಆತನ ಕೂಲಿ ತಿಂಗಳಿಗೆ 26 ದಿನಕ್ಕೆ 23,400 ಆಗುತ್ತದೆ. ಆದರೆ ಲೆಕ್ಕಕ್ಕೆ ತೆಗೆದುಕೊಳ್ಳುವ ಗರಿಷ್ಠ ವೇತನ 15,000, 2020ರ ಜನವರಿಯಿಂದ ಹೀಗಿದೆ. ಅದರ ಶೇ. 60 ಅಂದರೆ 9,000. ಇದನ್ನು ವಯಸ್ಸಿನ ಗುಣಕದಿಂದ ಗುಣಿಸಬೇಕು, 28 ವರ್ಷಕ್ಕೆ 211.79. ಒಟ್ಟು 19,06,110. ಇದು ಪೂರ್ತಿ ದುಡಿಮೆ ಹೋದವನಿಗೆ. ಭಾಗಶಃ ಆದರೆ ದುಡಿಯುವ ಶಕ್ತಿ ಎಷ್ಟು ಶೇಕಡಾ ಹೋಯಿತೋ ಅಷ್ಟು. 12 ಲಕ್ಷ ಕೇಳುತ್ತಿದ್ದಾರೆ ಅಂದರೆ ಸುಮಾರು ಶೇ. 63 ಹೋಗಿದೆ ಅನ್ನುತ್ತಿದ್ದಾರೆ.

ಜಗಳ ಇರುವುದು ಇಲ್ಲೇ. ಡಾಕ್ಟರು "ಕಾಲಿಗೆ ಶೇ. 36" ಅಂತ ಬರೆಯುತ್ತಾರೆ ಅನ್ನಿ. ಅದರ ಮೂರನೇ ಒಂದು ಭಾಗವನ್ನು ಇಡೀ ದೇಹಕ್ಕೆ ತೆಗೆದುಕೊಳ್ಳುವ ರೂಢಿ ಇದೆ. ಶೇ. 12 ಅಂದರೆ 2,28,733 ರೂಪಾಯಿ. ಶೇ. 20 ಅಂತ ಹಿಡಿದರೆ 3,81,222. ಆದರೆ ಅವನ ವಕೀಲರು ಕೇಳುತ್ತಾರೆ: ಹಿಮ್ಮಡಿ ಊರಲಾಗದವನು ಸಾರ್ವೆ ಹತ್ತುವುದು ಹೇಗೆ? ಅದು ನ್ಯಾಯವಾದ ಪ್ರಶ್ನೆ. ಸಿನಿಮಾ ಟಾಕೀಸಿನ ಕೆಲಸದಲ್ಲಿ ಬಿದ್ದು ಎಡಗೈ ಕಳೆದುಕೊಂಡ ಬಡಗಿಯೊಬ್ಬನ ಕೇಸಿನಲ್ಲಿ ಸುಪ್ರೀಂ ಕೋರ್ಟ್ 1975ರಲ್ಲೇ ಹೇಳಿದೆ, ಒಂದು ಕೈಯಲ್ಲಿ ಬಡಗಿ ಕೆಲಸ ಆಗುವುದಿಲ್ಲ, ಆದ್ದರಿಂದ ಅವನ ಪಾಲಿಗೆ ಅದು ಪೂರ್ತಿ ನಷ್ಟ ಅಂತ. ಆ ಹುಡುಗ ಮುಂದೆ ಯಾವ ಕೆಲಸ ಮಾಡಬಲ್ಲ ಅನ್ನುವುದರ ಮೇಲೆ ಶೇಕಡಾ ನಿಲ್ಲುತ್ತದೆ. ಮೂಳೆ ಪೂರ್ತಿ ಕೂಡಿದ ಮೇಲೆ ಕೊಟ್ಟ ಸರ್ಟಿಫಿಕೇಟ್ ಆಗಿರಲಿ.

ಆಸ್ಪತ್ರೆ ಖರ್ಚನ್ನು ಇದರಲ್ಲಿ ಕಳೆಯುವುದಿಲ್ಲ. ಉದ್ಯೋಗದಾತ ಚಿಕಿತ್ಸೆಯ ಖರ್ಚನ್ನೂ ಬೇರೆಯಾಗಿ ಕೊಡಬೇಕು ಅಂತ ಕಾಯ್ದೆ ಹೇಳುತ್ತದೆ. ನೀವು ಕಟ್ಟಿದ ಬಿಲ್‌ಗಳಿದ್ದರೆ ಅವನು ಮತ್ತೆ ಅದನ್ನು ಕೇಳುವಂತಿಲ್ಲ, ಅಷ್ಟೇ. ಮಾನವೀಯತೆಯಿಂದ ಕಟ್ಟಿದ ಮಾತ್ರಕ್ಕೆ ಉದ್ಯೋಗದಾತ ಅಂತ ಒಪ್ಪಿಕೊಂಡ ಹಾಗೆ ಆಗುವುದಿಲ್ಲ. ಜೊತೆಗೆ ಅಪಘಾತವಾಗಿ ಒಂದು ತಿಂಗಳ ನಂತರದಿಂದ ಶೇ. 12 ಬಡ್ಡಿ ಓಡುತ್ತಿರುತ್ತದೆ, ಕಾರಣವಿಲ್ಲದೆ ತಡ ಮಾಡಿದರೆ ಅರ್ಧದಷ್ಟರವರೆಗೆ ದಂಡವೂ ಬೀಳಬಹುದು.

ಗದಗ_ಹುಡುಗ

ಅಕ್ಕಾರ, ಆ ಛಾಪಾ ಕಾಗದದ ಮಾತು ಕೇಳಬ್ಯಾಡ್ರಿ. ನಮ್ಮ ಅಣ್ಣನ ಕಡಿಂದಾನೂ ಆಸ್ಪತ್ರಿಯೊಳಗ ಮಲಗಿದಾಗ ಹೆಬ್ಬಟ್ಟು ಒತ್ತಿಸ್ಕೊಂಡಿದ್ರು. "ಎಲ್ಲಾ ಮುಗದೈತಿ" ಅಂತ ಬರದಿತ್ತು. ಅವ್ವಗ ಓದಾಕ ಬರ್ತಿದ್ದಿಲ್ಲ.

ವಕೀಲೆ_ದಾವಣಗೆರೆ

ಸರಿಯಾಗಿ ಹೇಳಿದಿರಿ ತಮ್ಮಾ. ಇದನ್ನು ಇಲ್ಲಿ ಓದುವ ಎಲ್ಲರೂ ತಿಳಿದಿರಬೇಕು. ಪರಿಹಾರದ ಹಕ್ಕನ್ನು ಬಿಟ್ಟುಕೊಡುತ್ತೇನೆ ಅಂತ ಆಳು ಬರೆದುಕೊಟ್ಟರೆ ಅದು ಶೂನ್ಯ. ರಾಜಿ ಆಗುವುದಾದರೆ ಒಪ್ಪಂದವನ್ನು ನೌಕರರ ಪರಿಹಾರ ಕಮಿಷನರ್ ಮುಂದೆ ನೋಂದಾಯಿಸಬೇಕು. ಕರ್ನಾಟಕದಲ್ಲಿ ಈ ಕೆಲಸ ಸೀನಿಯರ್ ಸಿವಿಲ್ ಜಡ್ಜ್ ಕೋರ್ಟಿನಲ್ಲಿ ನಡೆಯುತ್ತದೆ. ಮೊತ್ತ ತೀರಾ ಕಡಿಮೆ ಇದೆ, ಮೋಸದಿಂದ ಒಪ್ಪಿಸಿದ್ದಾರೆ ಅಂತ ಕಂಡರೆ ನೋಂದಾಯಿಸಲು ನಿರಾಕರಿಸುತ್ತಾರೆ. ನೋಂದಾಯಿಸದೆ ಒಂದು ಲಕ್ಷ ಕೊಟ್ಟಿರಿ ಅಂದುಕೊಳ್ಳಿ. ನಾಳೆ ಅವನು ಕೇಸು ಹಾಕಿ, ನೀವು ಹೊಣೆ ಅಂತ ಆದರೆ, ಪೂರ್ತಿ ಮೊತ್ತ ಕೊಡಬೇಕಾಗುತ್ತದೆ. ಕೊಟ್ಟ ಒಂದು ಲಕ್ಷದಲ್ಲಿ ಅರ್ಧಕ್ಕಿಂತ ಹೆಚ್ಚು ಕಳೆಯಲು ಬಿಡುವುದಿಲ್ಲ. ಐವತ್ತು ಸಾವಿರ ನೀರಿಗೆ ಹಾಕಿದ ಹಾಗೆ.

ವಿಮೆ_ಸಲಹೆ

ಮನೆ ಸಾಲದ ಜೊತೆ ಇನ್ಶೂರೆನ್ಸ್ ಮಾಡಿಸಿದ್ದೀರಲ್ಲ, ಅದರಲ್ಲಿ ಕೇಳಬಹುದಲ್ಲವೇ ಅಂತ ಯಾರಾದರೂ ಹೇಳಬಹುದು. ಅದು ಸಾಲಕ್ಕೆ ಮತ್ತು ಕಟ್ಟಡಕ್ಕೆ ಇರುವುದು, ಆಳಿಗೆ ಬರುವುದಿಲ್ಲ. ಆಳಿಗೆ ಬೇಕಾದದ್ದು ನೌಕರರ ಪರಿಹಾರ ಪಾಲಿಸಿ. ಇನ್ನೂ ಪಾಯ ತೆಗೆಯುತ್ತಿರುವವರು ಗಮನಿಸಿ: ಮಾಲೀಕರ ಹೆಸರಿನಲ್ಲೇ ಮಾಡಿಸಬಹುದು, ಎಷ್ಟು ಜನ ಆಳು, ಎಷ್ಟು ಕೂಲಿ ಅಂತ ಘೋಷಿಸಬೇಕು. "ಗುತ್ತಿಗೆದಾರರ ಆಳುಗಳೂ ಸೇರಿ" ಅನ್ನುವ ಸಾಲು, ಚಿಕಿತ್ಸಾ ವೆಚ್ಚದ ಸಾಲು, ಇವೆರಡು ಪಾಲಿಸಿಯಲ್ಲಿ ಬರೆದಿದೆಯೇ ಅಂತ ಕಣ್ಣಾರೆ ನೋಡಿ. ಈ ಎರಡು ಇಲ್ಲದ ಪಾಲಿಸಿ ಹಿಡಿದುಕೊಂಡು ಬಂದು ಅತ್ತವರನ್ನು ನೋಡಿದ್ದೇನೆ. ಕಡಿಮೆ ಕೂಲಿ ತೋರಿಸಿದರೆ ಪ್ರೀಮಿಯಂ ಇಳಿಯುತ್ತದೆ, ಕ್ಲೇಮಿನ ದಿನ ತಕರಾರು ಏಳುತ್ತದೆ.

ಕಾರ್ಕಳದ_ಮಾವ

ಮೇಸ್ತ್ರಿಗಳೇ, ಸೆಸ್ ವಿಷಯ ತಿಳಿಸಿದ್ದಕ್ಕೆ ಉಪಕಾರ ಆಯ್ತು. ಆದ್ರೆ ಪೊಲೀಸ್ ಕೇಸ್ ಆಗಲಿಲ್ವಾ ಇದಕ್ಕೆ? ನಮ್ಮ ಊರಲ್ಲಿ ಒಬ್ರು ಮನೆ ಯಜಮಾನರನ್ನು ಸ್ಟೇಷನ್‌ಗೆ ಕರೆಸಿದ್ರು.

ಗೃಹಪ್ರವೇಶ_ಬಾಕಿ

ಆಸ್ಪತ್ರೆಯವರು ಎಂಎಲ್‌ಸಿ ಮಾಡಿ ಠಾಣೆಗೆ ಕಳಿಸಿದ್ದರು. ಹುಡುಗ "ಕಾಲು ಜಾರಿ ಬಿದ್ದೆ, ಯಾರ ಮೇಲೂ ದೂರಿಲ್ಲ" ಅಂತ ಹೇಳಿಕೆ ಕೊಟ್ಟ. ಅಪ್ಪ ಪಕ್ಕದಲ್ಲೇ ನಿಂತಿದ್ದರು ಅಂತ ಹಾಗೆ ಹೇಳಿದನೋ ಏನೋ ಅಂತ ಈಗ ಅನ್ನಿಸುತ್ತದೆ.

ವಕೀಲೆ_ದಾವಣಗೆರೆ

ಎಫ್‌ಐಆರ್ ಆಗಿದ್ದರೆ ಭಾರತೀಯ ನ್ಯಾಯ ಸಂಹಿತೆಯ 125ನೇ ಕಲಂ, ಕಟ್ಟಡ ಕೆಲಸದ ನಿರ್ಲಕ್ಷ್ಯದ 290ನೇ ಕಲಂ ಹಾಕುತ್ತಿದ್ದರು. ಸಾವಾಗಿದ್ದರೆ 106. ಎಫ್‌ಐಆರಿನಲ್ಲಿ ಹೆಸರಿದ್ದ ಮಾತ್ರಕ್ಕೆ ಪರಿಹಾರದ ಹೊಣೆ ಬರುವುದಿಲ್ಲ, ದೂರಿಲ್ಲ ಅಂದ ಮಾತ್ರಕ್ಕೆ ಅವನ ಪರಿಹಾರದ ಹಕ್ಕೂ ಹೋಗುವುದಿಲ್ಲ.

ಈಗ ಮಾಡಬೇಕಾದದ್ದು: ನೋಟಿಸಿಗೆ ವಕೀಲರ ಮೂಲಕ ಉತ್ತರ ಕೊಡಿ, ಸುಮ್ಮನಿರಬೇಡಿ. ಅರ್ಜಿ ಹಾಕಲು ಅವನಿಗೆ ಅಪಘಾತದಿಂದ ಎರಡು ವರ್ಷ ಸಮಯವಿದೆ. ಕೇಸಾಗಿ ಸಮನ್ಸ್ ಬಂದರೆ ತಪ್ಪದೆ ಹಾಜರಾಗಿ. ಏಕಪಕ್ಷೀಯ ಆದೇಶವಾದರೆ ಹೈಕೋರ್ಟಿಗೆ ಹೋಗಲು ಮೊದಲು ಮೊತ್ತವನ್ನು ಠೇವಣಿ ಇಡಬೇಕು. ಮೇಸ್ತ್ರಿಯನ್ನು ಕೇಸಿನಿಂದ ಕೈಬಿಡದಂತೆ ನೋಡಿಕೊಳ್ಳಿ, ಅವರ ಊರಿನ ವಿಳಾಸ ಹುಡುಕಿಡಿ. ಇಷ್ಟಾದರೂ ನೀವು ಗೆಲ್ಲುತ್ತೀರಿ ಅಂತ ಮಾತು ಕೊಡಲಾರೆ. ಎರಡು ವಾರದ ಬಟವಾಡೆಯನ್ನು ಒಬ್ಬ ಜಡ್ಜ್ ಒಂದು ಥರ ನೋಡಬಹುದು, ಇನ್ನೊಬ್ಬರು ಇನ್ನೊಂದು ಥರ.

ಮೇಸ್ತ್ರಿ_ರಾಮನಗರ

ಓನರ್ ಗೆದ್ರೆ ಹುಡುಗನಿಗೆ ಸಿಗೋದು ಮೇಸ್ತ್ರಿ ಮೇಲಿನ ಆದೇಶ. ಬಾಡಿಗೆ ಮನೇಲಿರೋ ಮೇಸ್ತ್ರಿಯಿಂದ ಏನು ವಸೂಲಿ ಆಗುತ್ತೆ ಮೇಡಂ?

ವಕೀಲೆ_ದಾವಣಗೆರೆ

ಬಹಳ ಸಲ ಏನೂ ಆಗುವುದಿಲ್ಲ. ಈ ಕಾಯ್ದೆಯಲ್ಲಿ ನನಗೆ ಸಹಿಸಲಾಗದ ಜಾಗ ಅದೇ.

ಗೃಹಪ್ರವೇಶ_ಬಾಕಿ, ಹನ್ನೆರಡು ದಿನದ ನಂತರ

ವಕೀಲರನ್ನು ಇಟ್ಟುಕೊಂಡು ಉತ್ತರ ಕಳಿಸಿದ್ದೇವೆ. ನೋಟ್‌ಬುಕ್ ತೆಗೆದು ನೋಡಿದೆ. ಮೊದಲ ವಾರದ್ದನ್ನು ಮೇಸ್ತ್ರಿಯ ಲೆಕ್ಕದಲ್ಲಿ ಕಳೆದು ಬರೆದಿದ್ದೇನೆ, ಎರಡನೇ ವಾರದ್ದು ಬರೆದಿಲ್ಲ. ಇದ್ದ ಹಾಗೇ ಕೊಟ್ಟಿದ್ದೇವೆ.

ಹುಡುಗನ ಕಾರ್ಡ್ ಅವಧಿ ಮುಗಿದು ಎಂಟು ತಿಂಗಳಾಗಿದೆ. ಮಂಡಳಿಯವರು ಏನು ಹೇಳುತ್ತಾರೋ ಕೇಳಲು ಅವನ ಅಣ್ಣ ಹೋಗಿದ್ದಾರೆ. ಅಪ್ಪ ಅವನನ್ನು ನೋಡಿಕೊಂಡು ಬಂದರು, ವಾಕರ್ ಹಿಡಿದು ನಡೆಯುತ್ತಾನಂತೆ, ಹಿಮ್ಮಡಿ ಇನ್ನೂ ಊರಲು ಬಿಡುತ್ತಿಲ್ಲವಂತೆ. ಕೋರ್ಟಿನ ಮುಂದೆಯೇ ನೋಂದಾಯಿಸಿ ರಾಜಿ ಆಗುವುದಾದರೆ ಎಷ್ಟಕ್ಕೆ ಅಂತ ಎರಡೂ ಕಡೆ ವಕೀಲರು ಮಾತಾಡುತ್ತಿದ್ದಾರೆ. ಡಾಕ್ಟರು ಮಾರ್ಚ್‌ನಲ್ಲಿ ಎಕ್ಸ್‌ರೇ ತೆಗೆದು ಶೇಕಡಾ ಬರೆಯುತ್ತಾರೆ. ಮೇಸ್ತ್ರಿ ಇನ್ನೂ ಸಿಕ್ಕಿಲ್ಲ. ಮೇಲಿನ ಮನೆಯ ಗಾರೆ ಕೆಲಸ ನಿಲ್ಲಿಸಿದ್ದೇವೆ, ಪಾಲಿಸಿ ಕೈಗೆ ಬರುವ ತನಕ ಸಾರ್ವೆ ಕಟ್ಟಿಸುವುದಿಲ್ಲ ಅಂತ ಅಪ್ಪ ಹೇಳಿದ್ದಾರೆ.